ಡೆಸರ್ಟ್ ಏರ್ ಕೂಲರ್ 75 ಲೀಟರ್ | ಹನಿಕೋಂಬ್ ಪ್ಯಾಡ್, ಐಸ್ ಚೇಂಬರ್, ಇನ್ವರ್ಟರ್ ಮ್ಯಾಲೂ ನಡೀತದ | ಮನಿಗೆ, ಅಂಗಡಿಗೆ ದೊಡ್ಡ ಕೂಲರ್

ಮಾಡೆಲ್ DC-75H, ಬಿಳಿ-ಬೂದಿ ಬಣ್ಣ
ಬೆಲೆ ₹9,490, ಜಿಎಸ್‌ಟಿ ಸೇರಿ, ಪಕ್ಕಾ ಬಿಲ್ ಬರ್ತದ
ಕಲಬುರಗಿ ಸಿಟಿ ಒಳಗ ಡೆಲಿವರಿ ಫ್ರೀ. ಸೇಡಂ, ಚಿತ್ತಾಪುರ, ಆಳಂದ, ಜೇವರ್ಗಿ, ಯಾದಗಿರಿ, ಶಹಾಪುರ, ಹುಮನಾಬಾದ್, ಬೀದರ್‌ಗೆ ₹250
ಕ್ಯಾಶ್ ಆನ್ ಡೆಲಿವರಿ ಅದ, ಯುಪಿಐ ನಡೀತದ

ಈ ಕೂಲರ್ ಬಗ್ಗೆ

ಏಪ್ರಿಲ್ ಹತ್ತಿತು ಅಂದ್ರ ನಮ್ಮ ಕಡಿ ಮಧ್ಯಾಹ್ನ 42 ಡಿಗ್ರಿ ದಾಟೋದು ಹೊಸದೇನಲ್ಲ, ಫ್ಯಾನ್ ಹಚ್ಚಿದ್ರ ಮ್ಯಾಲಿನ ಬಿಸಿ ಗಾಳೀನೇ ಕೆಳಗ ಬರ್ತದ, ಪತ್ರಾಸ್ ಮನಿ ಇದ್ರಂತೂ ಕೇಳಬ್ಯಾಡ್ರಿ, ರಾತ್ರಿ ಹನ್ನೊಂದಾದ್ರೂ ಗೋಡಿ ಝಳ ಹೊಡೀತಿರ್ತದ. ಅಂಥಾ ಒಣ ಸೆಕಿಗೇ ಈ ಡೆಸರ್ಟ್ ಕೂಲರ್ ಇರೋದು. ಒಣ ಗಾಳಿ ಒದ್ದಿ ಪ್ಯಾಡ್ ದಾಟಿ ಬರೋವಾಗ ನೀರು ಆವಿ ಆಗ್ತದ, ಹಂಗ ಆಗೋವಾಗ ಗಾಳ್ಯಾಗಿನ ಬಿಸಿ ಎಳಕೊಂತದ, ಅದಕ್ಕ ಗಾಳಿ ಎಷ್ಟು ಒಣ ಇರ್ತದೋ ಅಷ್ಟು ಛಲೋ ತಂಪು. ಮಾರ್ಚ್‌ದಿಂದ ಮೇ ತನಕ ನಮ್ಮ ಮೂರೂ ಜಿಲ್ಲಾಕ್ಕ ಇದು ಭಾಳ ಹೊಂದತದ. ಮಿರಗದ ಮಳಿ ಹತ್ತಿದ ಮ್ಯಾಲ ಗಾಳ್ಯಾಗ ಪಸಿ ಜಾಸ್ತಿ ಆಗ್ತದ, ಆವಾಗ ಯಾವ ಕಂಪನಿ ಕೂಲರ್ ಆದ್ರೂ ಅಂಟಂಟು ಮಾಡ್ತದ, ಪಂಪ್ ಬಂದ್ ಮಾಡಿ ಖಾಲಿ ಗಾಳಿ ಹಚ್ಕೊಂಡು ಮಕ್ಕೋರಿ.

ಇದು ಎಸಿ ಅಲ್ಲ. ಎಸಿ ಹಂಗ ಕದಾ ಕಿಟಕಿ ಹಾಕ್ಕೊಂಡು ಕುಂತ್ರ ಅರ್ಧ ತಾಸಿನ್ಯಾಗ ಖೋಲಿ ತುಂಬ ಪಸಿ ಆಗಿ ಮೈ ಬೆವರ್ತದ. ಕೂಲರ್‌ದ ಬೆನ್ನು ಕಿಟಕಿಗೆ ಇಲ್ಲಾಂದ್ರ ಕದಕ್ಕ ಇಡ್ರಿ, ಹೊರಗಿನ ಗಾಳಿ ಒಳಗ ಬರಬೇಕು, ಎದುರಿಂದು ಇನ್ನೊಂದು ಕಿಟಕಿ ಜರಾ ತಗದು ಬಿಡ್ರಿ. ಅರ್ಧಕ್ಕರ್ಧ ಕಂಪ್ಲೇಂಟ್ ಇಲ್ಲೇ ಮುಗೀತಾವ.

ಎಷ್ಟು ದೊಡ್ಡ ಖೋಲಿಗೆ

ಡಬ್ಬಿ ಮ್ಯಾಲ 550 ಚದರ ಅಡಿ ಅಂತ ಬರ್ದದ. ಅದು ಖುಲ್ಲಾ ಹಾಲ್ ಲೆಕ್ಕ, ಗಾಳಿ ಅಡ್ಡಾಡಾಕ ಜಾಗ ಇರಬೇಕು. ಪತ್ರಾಸ್ ಮನಿ ಇಲ್ಲಾ ಮ್ಯಾಲ ಬಿಸಲು ನೇರ ಬೀಳೋ ಆರ್‌ಸಿಸಿ ಆದ್ರ 250-300 ಚದರ ಅಡಿ ಹಿಡೀರಿ, ಅಂದ್ರ ನಮ್ಮ ಪಡಸಾಲಿ ಆರಾಮ್ ಆಗ್ತದ. 10 ಬೈ 10 ಖೋಲಿಗೆ ಒಬ್ಬರೇ ಮಕ್ಕೋಳೋರು ಇದ್ರ ಇಷ್ಟು ದೊಡ್ಡದು ಬ್ಯಾಡ, ನಮ್ಮಲ್ಲೇ 36 ಲೀಟರ್ ಪರ್ಸನಲ್ ಕೂಲರ್ ಅದ, ಅದನ್ನ ನೋಡ್ರಿ, ರೊಕ್ಕಾನೂ ಉಳೀತದ.

ಏನೇನ್ ಅದ

ಟ್ಯಾಂಕ್ 75 ಲೀಟರ್. ಮಧ್ಯಾಹ್ನ ಫುಲ್ ಸ್ಪೀಡ್ ಹಚ್ಚಿದ್ರ 7-8 ತಾಸು ಬರ್ತದ, ರಾತ್ರಿ ಸಣ್ಣ ಸ್ಪೀಡ್‌ಗೆ ಇಟ್ರ ಬೆಳಗಾಗೋ ತನಕ ಎದ್ದು ನೀರ್ ಹಾಕೋ ಕೆಲಸ ಇಲ್ಲ. ನಳಕ್ಕ ಪೈಪ್ ಹಚ್ಚಿದ್ರ ಆಟೋ ಫಿಲ್, ಒಳಗ ಫ್ಲೋಟ್ ವಾಲ್ವ್ ಅದ, ಟ್ಯಾಂಕ್ ತುಂಬಿದ ಕೂಡ್ಲೇ ತಾನಾಗೇ ನಿಂತು ಬಿಡ್ತದ. ಎರಡು ದಿನಕ್ಕೊಮ್ಮೆ ನಳ ಬರೋ ಓಣಿಯೊಳಗ ಇದ್ರ ಮ್ಯಾಲಿನ ಸಿಂಟೆಕ್ಸ್‌ಗೆ ಜೋಡಸ್ರಿ, ಇಲ್ಲಾಂದ್ರ ಕೊಡದಿಂದ ಹಾಕಾಕ ಬಾಜೂಕ ಮುಚ್ಚಳ ಅದ.

ಮೂರು ಕಡಿ ಹನಿಕೋಂಬ್ ಪ್ಯಾಡ್. ಮೊದಲಿನ ಘಾಸ್ ಕೂಲರ್ ಹಂಗ ಪ್ರತಿ ವರ್ಷ ಹುಲ್ಲು ಬದಲಿ ಮಾಡೋದಿಲ್ಲ, ಆದ್ರ ಬೋರ್ ನೀರು ಹಾಕೋರು ಇಷ್ಟು ತಿಳ್ಕೋರಿ, ನಮ್ಮ ಕಡಿ ನೀರು ಗಡಸು, ಪ್ಯಾಡ್ ಮ್ಯಾಲ ಬಿಳಿ ಸುಣ್ಣ ಕಟ್ಟತದ, ತೂತು ಮುಚ್ಚಿದ್ರ ಗಾಳೀನೂ ಕಮ್ಮಿ ತಂಪೂ ಕಮ್ಮಿ. ವಾರಕ್ಕೊಮ್ಮೆ ಕೆಳಗಿನ ಡ್ರೇನ್ ಬಿರಡಿ ತಗದು ಹಳೇ ನೀರೆಲ್ಲಾ ಬಿಟ್ಟು, ಟ್ಯಾಂಕ್ ತಿಕ್ಕಿ ಒಣಗಿಸಿ ಹೊಸ ನೀರ್ ಹಾಕ್ರಿ. ಡೆಂಗಿ ಸೊಳ್ಳಿ ನಿಂತ ನೀರಿನ್ಯಾಗೇ ತತ್ತಿ ಇಡೋದು, ಅದಕ್ಕೂ ಇದೇ ಉಪಾಯ.

ಮುಂದ ಮೂರು ಗುಂಡಿ. SPEED ಅನ್ನೋದು ಫ್ಯಾನ್‌ದು, ಮೂರು ಹಂತ. COOL ಅನ್ನೋದು ಪಂಪ್‌ದು, ಇದನ್ನ ಫ್ಯಾನ್‌ಕಿಂತ ಎರಡು ನಿಮಿಷ ಮೊದಲೇ ಹಚ್ಚಿ ಪ್ಯಾಡ್ ಒದ್ದಿ ಆಗಾಕ ಬಿಡ್ರಿ, ಇಲ್ಲಾಂದ್ರ ಮೊದಲಿಗೆ ಬಿಸಿ ಗಾಳಿ ಜತಿ ಧೂಳು ಮಾರಿಗೆ ಬಡೀತದ. SWING ಹಚ್ಚಿದ್ರ ಗಾಳಿ ಎಡಕ್ಕ ಬಲಕ್ಕ ತಿರಗತದ, ಮ್ಯಾಲ ಕೆಳಗ ಮಾತ್ರ ಕೈಲೇ ಮಾಡಬೇಕು. ರಿಮೋಟ್ ಇಲ್ಲ.

ಐಸ್ ಚೇಂಬರ್ ಅದ, ಬರ್ಫ್ ಹಾಕಿದ್ರ ಸ್ವಲ್ಪ ಹೊತ್ತು ಗಾಳಿ ತಂಪು ಹೆಚ್ಚಾಗ್ತದ, ಬರ್ಫ್ ಕರಗಿದ ಮ್ಯಾಲ ಮೊದಲಿನಂಗ. ಮಂದಿ ಬಂದಾಗ ಹಾಕ್ರಿ, ದಿನಾ ಬರ್ಫ್ ಖರೀದಿ ಮಾಡೋ ಜರೂರ್ ಏನಿಲ್ಲ.

ಕರೆಂಟ್ 190 ವ್ಯಾಟ್. ರಾತ್ರಿ 8 ತಾಸು ಹಚ್ಚಿದ್ರ ಒಂದೂವರಿ ಯೂನಿಟ್ ಹತ್ರ ಆಗ್ತದ. ಮನೀ ಇನ್ವರ್ಟರ್ ಮ್ಯಾಲ ನಡೀತದ, ಸೈನ್ ವೇವ್ ಇನ್ವರ್ಟರ್ ಇದ್ರ ಛಲೋ, ಸ್ಕ್ವೇರ್ ವೇವ್ ಇದ್ರ ಮೋಟಾರ್ ಗುಂಯ್ ಅಂತದ. ಗಾಲಿ ನಾಲ್ಕು, ಎರಡಕ್ಕ ಬ್ರೇಕ್. ಟ್ಯಾಂಕ್ ತುಂಬಿದ್ರ ನೀರೇ 75 ಕಿಲೋ ಆಗ್ತದ, ಶಾಬಾದಿ ಫರಸಿ ಮ್ಯಾಲ ಸಂದಿಗೆ ಗಾಲಿ ಸಿಗತಾವ, ಎಳೆಯೋದು ಏನಿದ್ರೂ ಖಾಲಿ ಇದ್ದಾಗ ಎಳೀರಿ.

ಇದು ಮಾತ್ರ ತಪ್ಪದೇ ಓದ್ರಿ

ಅರ್ಥಿಂಗ್ ಇರೋ ಮೂರು ಪಿನ್ ಸಾಕೆಟ್‌ಗೇ ಹಾಕ್ರಿ, ಎರಡು ಪಿನ್ ವೈರ್ ಜೋಡಿಸಿ ಹಚ್ಚಬ್ಯಾಡ್ರಿ. ನೀರ್ ಹಾಕೋವಾಗ, ತೊಳೆಯೋವಾಗ ಸ್ವಿಚ್ ಬಂದ್ ಮಾಡಿ ಪ್ಲಗ್ ಕಿತ್ತು ತಗೀರಿ, ಬರೇ ಗುಂಡಿ ತಿರುಗಿಸಿದ್ರ ಸಾಲಂಗಿಲ್ಲ. ಒದ್ದಿ ಕೈಲೇ ಮುಟ್ಟಬ್ಯಾಡ್ರಿ, ಹುಡುಗೂರು ಹಿಂದಿನ ಜಾಳಗಿ ಹತ್ರ ಆಡದಂಗ ನೋಡ್ಕೋರಿ.

ಗಿರಾಕಿ ಕೇಳಿದ್ದು

*ಅಣ್ಣಾ, ಆವಾಜ್ ಜಾಸ್ತಿ ಬರ್ತದೇನ್ರಿ?*
ಫುಲ್ ಸ್ಪೀಡ್‌ಗೆ ಬರ್ತದ್ರಿ, ಟಿವಿ ಸೌಂಡ್ ಏರಿಸ್ಬೇಕಾಗ್ತದ. ಸಣ್ಣ ಸ್ಪೀಡ್‌ಗೆ ನಿದ್ದಿಗೆ ತ್ರಾಸ್ ಆಗಂಗಿಲ್ಲ.

*ಮೇಡಂ, ಕಿರಾಣಿ ಅಂಗಡಿಗೆ ಆಗ್ತದೇನು, ಮುಂದ ಪೂರಾ ಖುಲ್ಲಾ ಅದ?*
ಗಲ್ಲಾ ಮ್ಯಾಲ ಕುಂತೋರಿಗೆ ಗಾಳಿ ನೇರ ಬಡಿಯೋ ಹಂಗ ಇಟ್ರ ಆಗ್ತದ. ಗಾಳಿ ಬಡಿಯೋ ಕಡಿ ಸಕ್ರಿ, ಬೆಲ್ಲ, ಹಪ್ಪಳ ಇಡಬ್ಯಾಡ್ರಿ, ಪಸಿ ಹಿಡೀತಾವ.

*ಸುರಪುರಕ್ಕ ಕಳಸ್ತೀರೇನ್ರಿ?*
ಕಳಸ್ತೀವ್ರಿ, ₹350, ಬಸ್ ಪಾರ್ಸಲ್ ಅಲ್ಲ, ಟೆಂಪೋದಾಗ ಬರ್ತದ, ಮನೀ ಬಾಗಿಲಿಗೇ ಇಳಸ್ತಾರ.

ವಾರಂಟಿ, ವಾಪಸ್

ಕೂಲರ್‌ಗೆ 1 ವರ್ಷ, ಮೋಟಾರ್‌ಗೆ 2 ವರ್ಷ. ಪ್ಯಾಡ್, ಗಾಲಿ, ಪ್ಲಾಸ್ಟಿಕ್ ಒಡದದ್ದು ಇದರಾಗ ಬರಂಗಿಲ್ಲ. ಟೆಂಪೋ ಹುಡುಗ ನಿಂತಾಗೇ ಡಬ್ಬಿ ಬಿಚ್ಚಿ, ಫ್ಯಾನ್ ಪಂಪ್ ಎರಡೂ ಹಚ್ಚಿ ನೋಡ್ರಿ, ಒಡದಿದ್ರ ಅಲ್ಲೇ ವಾಪಸ್ ಕೊಟ್ಟು ಕಳಸ್ರಿ. ಆಮ್ಯಾಲ ಬ್ಯಾರೆ ಏನಾರ ದೋಷ ಕಂಡ್ರ 7 ದಿನದ ಒಳಗ ಬಿಲ್ ಫೋಟೋ ಜತಿ ಆರ್ಡರ್ ಪೇಜ್‌ನ್ಯಾಗ ಮೆಸೇಜ್ ಹಾಕ್ರಿ. ಹಳೇ ಕೂಲರ್ ಎಕ್ಸ್‌ಚೇಂಜ್ ಸಿಟಿ ಒಳಗ ಮಾತ್ರ ಅದ, ಲೋಖಂಡದ ಕೂಲರ್ ಆದ್ರೂ ತಗೋತೀವಿ, ರೇಟ್ ನೋಡಿ ಹೇಳ್ತೀವಿ.

ಹುಡುಕೋ ಪದಗಳು

ಏರ್ ಕೂಲರ್, ಏರಕೂಲರ್, ಡೆಸರ್ಟ್ ಕೂಲರ್, ಡೆಜರ್ಟ್ ಕೂಲರ್, ಕೂಲರ್ 75 ಲೀಟರ್, ದೊಡ್ಡ ಕೂಲರ್, ಮನಿ ಕೂಲರ್, ಅಂಗಡಿ ಕೂಲರ್, ಇನ್ವರ್ಟರ್ ಕೂಲರ್, ಹನಿಕೋಂಬ್ ಕೂಲರ್, ಕೂಲರ್ ಕಲಬುರಗಿ, ಕೂಲರ್ ಗುಲಬರ್ಗಾ, ಕೂಲರ್ ಬೀದರ್, ಕೂಲರ್ ಯಾದಗಿರಿ

```
desert air cooler 75 litre, desert cooler 75L,
honeycomb pad cooler, inverter compatible air cooler,
ice chamber, auto fill, DC-75H,
cooler kalaburagi, cooler gulbarga, dodda cooler
```