ವಿಷಯ: 2024-25ರ ನಷ್ಟ, ಮತ್ತು ನಾವು ದಾರಿ ಬದಲಿಸದೆ ಇರುವುದೇಕೆ

ನಮಸ್ಕಾರ,

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಮಾರ್ಚ್ 31ಕ್ಕೆ ಮುಗಿದ ವರ್ಷದಲ್ಲಿ ನಮ್ಮ ಪೋರ್ಟ್‌ಫೋಲಿಯೊ, ಫೀಸು ಕಳೆದು, ಶೇ. 11.8ರಷ್ಟು ಇಳಿದಿದೆ. ಹೋದ ಏಪ್ರಿಲ್‌ನಲ್ಲಿ 50 ಲಕ್ಷ ಇದ್ದದ್ದು ಈಗ 44 ಲಕ್ಷ 10 ಸಾವಿರ. ಇದೇ ವರ್ಷ ನಿಫ್ಟಿ ಸುಮಾರು ಶೇ. 5ರಷ್ಟು ಏರಿದೆ. ಸುಮ್ನೆ ಇಂಡೆಕ್ಸ್ ಫಂಡಿನಲ್ಲಿ ಹಾಕಿದ್ದರೂ ನಿಮಗೆ ಲಾಭವೇ ಆಗುತ್ತಿತ್ತು. ಇದನ್ನು ನೀವು ಕೇಳುವ ಮೊದಲು ನಾನೇ ಹೇಳಬೇಕು, ಅಲ್ವಾ?

ಸೆಪ್ಟೆಂಬರ್ ಕೊನೆಗೆ ನಿಫ್ಟಿ 26,200 ದಾಟಿತ್ತು. ಅಕ್ಟೋಬರ್‌ನಿಂದ ವಿದೇಶಿ ಹೂಡಿಕೆದಾರರು ಒಂದೇ ಸಮ ಮಾರತೊಡಗಿದರು. ಜಾಸ್ತಿ ಏಟು ಬಿದ್ದದ್ದು ಸಣ್ಣ ಕಂಪನಿಗಳ ಷೇರಿಗೆ. ನಮ್ಮ ಹಣದ ಬಹುಪಾಲು ಇರುವುದೂ ಅಲ್ಲೇ.

ಆದರೆ ಎಲ್ಲವನ್ನೂ ಮಾರುಕಟ್ಟೆಯ ತಲೆಗೆ ಕಟ್ಟಲಾರೆ. ನಮ್ಮಲ್ಲಿದ್ದ ಕೆಮಿಕಲ್ ಕಂಪನಿಯ ವಿಷಯದಲ್ಲಿ ತಪ್ಪು ನನ್ನದು. ಚೀನಾದ ಅಗ್ಗದ ಮಾಲು ಬಂದು ಅದರ ಲಾಭ ಕರಗುತ್ತಿತ್ತು, ಸಾಲ ಏರುತ್ತಿತ್ತು. ಸಾಲ ಏರಿದರೆ ಹೊರಬರಬೇಕು ಎಂಬುದು ನಮ್ಮದೇ ನಿಯಮ. ಇನ್ನೆರಡು ಕ್ವಾರ್ಟರ್‌ನಲ್ಲಿ ಸರಿಹೋದೀತು ಎಂದು ಒಂಬತ್ತು ತಿಂಗಳು ಕಾದೆ. ಜನವರಿಯಲ್ಲಿ ಮಾರಿದೆವು. 11.8ರಲ್ಲಿ ಸುಮಾರು 3 ಅದೊಂದರಿಂದಲೇ ಹೋಯಿತು. ಕ್ಷಮಿಸಿ.

ಇದರಿಂದ ನಾನು ಕಲಿತದ್ದು ನಿಯಮ ಬದಲಿಸಬೇಕು ಅಂತಲ್ಲ, ಅದನ್ನು ಮುರಿಯಬಾರದು ಅಂತ.

ಫೆಬ್ರವರಿಯಲ್ಲಿ, ಷೇರುಗಳು ದಿನವೂ ಬೀಳುತ್ತಿದ್ದಾಗ, ಪೀಣ್ಯದಲ್ಲಿ ನಮ್ಮ ವಾಲ್ವ್ ಕಂಪನಿಯ ಫ್ಯಾಕ್ಟರಿಗೆ ಹೋಗಿದ್ದೆ. ಷೇರು ಬೆಲೆ ಮೂರನೇ ಒಂದು ಪಾಲು ಇಳಿದಿತ್ತು. ಒಳಗೆ ಎರಡನೇ ಶಿಫ್ಟ್ ನಡೆಯುತ್ತಿತ್ತು. ಕಳೆದ ಸಲ ಖಾಲಿ ಇದ್ದ ಮೂಲೆಯಲ್ಲಿ ಎರಡು ಹೊಸ ಸಿಎನ್‌ಸಿ ಮೆಷಿನ್ ಕೂತಿದ್ದವು, ಸಾಲವಿಲ್ಲದೆ ಕೊಂಡದ್ದು. ಒಂದು ವರ್ಷಕ್ಕಾಗುವಷ್ಟು ಆರ್ಡರ್ ಕೈಯಲ್ಲಿದೆ. ಇಂಥ ಕಂಪನಿಯನ್ನು ಈ ಬೆಲೆಗೆ ಮಾರಲು ನನಗೆ ಮನಸ್ಸಿಲ್ಲ. ಇನ್ನಷ್ಟು ಕೊಂಡೆವು.

ನಮ್ಮ 18 ಕಂಪನಿಗಳಲ್ಲಿ 14ರ ಲಾಭ 2024-25ರ ಮೊದಲ ಒಂಬತ್ತು ತಿಂಗಳಲ್ಲಿ ಏರಿದೆ. ಉಳಿದ ನಾಲ್ಕರ ಮೇಲೆ ಕಣ್ಣಿಟ್ಟಿದ್ದೇನೆ. ಈಗ ಎಲ್ಲ ಮಾರಿ ದೊಡ್ಡ ಕಂಪನಿಗಳಿಗೆ ಹಾರಿದರೆ ನಷ್ಟ ಗಟ್ಟಿಯಾಗುತ್ತದೆ, ಅಷ್ಟೇ. ಬೆಲೆ ಇನ್ನೂ ಇಳಿಯಲಾರದು ಎಂದು ಮಾತ್ರ ನಾನು ಭರವಸೆ ಕೊಡಲಾರೆ.

ಹಾಗಾಗಿ ಒಂದು ವಿನಂತಿ. ಮಗಳ ಮದುವೆಗೋ ಮನೆ ಕಟ್ಟಲೋ ಮೂರು ವರ್ಷದೊಳಗೆ ಈ ಹಣ ಬೇಕಿದ್ದರೆ ದಯವಿಟ್ಟು ಈಗಲೇ ಹೇಳಿ. ಆ ಹಣ ನಮ್ಮಲ್ಲಿರಬಾರದು. ಜೂನ್ 30ರವರೆಗೆ ಎಕ್ಸಿಟ್ ಲೋಡ್ ಹಾಕುವುದಿಲ್ಲ. ಉಳಿಯುವವರ ಹಣ ಹಿಂದಿನ ಗರಿಷ್ಠ ಮಟ್ಟ ದಾಟುವವರೆಗೆ ಲಾಭದ ಮೇಲಿನ ಫೀಸನ್ನೂ ಮುಟ್ಟುವುದಿಲ್ಲ. ನನ್ನ ಮನೆಯ ಉಳಿತಾಯವೂ ಇದೇ ಷೇರುಗಳಲ್ಲಿದೆ. ಒಂದು ರೂಪಾಯಿಯನ್ನೂ ತೆಗೆದಿಲ್ಲ.

ಏಪ್ರಿಲ್ 26, ಶನಿವಾರ ಬೆಳಿಗ್ಗೆ 11ಕ್ಕೆ ಆಫೀಸಿಗೆ ಬನ್ನಿ. ಪ್ರತಿ ಕಂಪನಿಯ ಲೆಕ್ಕ ಮುಂದಿಟ್ಟು ಮಾತಾಡೋಣ. ಬರಲಾಗದವರು ಈ ಮೇಲ್‌ಗೇ ಉತ್ತರ ಬರೆಯಿರಿ, ನಾನೇ ಫೋನ್ ಮಾಡುತ್ತೇನೆ.

ಇಂತಿ,
ನಿಮ್ಮ ಫಂಡ್ ಮ್ಯಾನೇಜರ್
ಬೆಂಗಳೂರು, 12 ಏಪ್ರಿಲ್ 2025