ಲೀಗ್‌ಗೆ ಸೈನ್ಯ ಇರಲಿಲ್ಲ ಎಂದರೆ ಉತ್ತರ ಮುಗಿಯುವುದಿಲ್ಲ

ಬಿ.ಎ. ಇತಿಹಾಸ ವಿದ್ಯಾರ್ಥಿಗಳಿಗೆ,

ಕಿರುಪರೀಕ್ಷೆಯ ಉತ್ತರಗಳನ್ನು ಓದಿ ಮುಗಿಸಿದೆ. "1930ರ ದಶಕದಲ್ಲಿ ಲೀಗ್ ಆಫ್ ನೇಷನ್ಸ್ ಆಕ್ರಮಣಗಳನ್ನು ತಡೆಯಲು ಏಕೆ ವಿಫಲವಾಯಿತು?" ಎಂಬ ಪ್ರಶ್ನೆಗೆ ಹೆಚ್ಚಿನವರು ಮೂರು ಕಾರಣ ಬರೆದಿದ್ದೀರಿ. ಸೈನ್ಯ ಇರಲಿಲ್ಲ, ಅಮೆರಿಕ ಸೇರಲಿಲ್ಲ, ಹೆಚ್ಚಿನ ತೀರ್ಮಾನಗಳಿಗೆ ಸರ್ವಾನುಮತ ಬೇಕಿತ್ತು. ಮೂರೂ ನಿಜ. ಆದರೆ ಈ ಮೂರೂ 1920ರಿಂದಲೇ ಇದ್ದ ಕೊರತೆಗಳು. ಹಾಗಿದ್ದೂ 1921ರಲ್ಲಿ ಆಲಂಡ್ ದ್ವೀಪಗಳ ವಿಚಾರದಲ್ಲಿ ಸ್ವೀಡನ್ ಮತ್ತು ಫಿನ್ಲೆಂಡ್ ಲೀಗ್ ಮಾತು ಕೇಳಿದವು. 1925ರಲ್ಲಿ ಗ್ರೀಸ್ ಸೈನ್ಯ ಬಲ್ಗೇರಿಯಾದೊಳಗೆ ನುಗ್ಗಿದಾಗ ಲೀಗ್ ಹೇಳಿತು, ಗ್ರೀಸ್ ಹಿಂದೆ ಸರಿಯಿತು, ಪರಿಹಾರವನ್ನೂ ಕೊಟ್ಟಿತು. ಆಗಲೂ ಲೀಗ್ ಹತ್ತಿರ ಒಬ್ಬನೇ ಒಬ್ಬ ಸೈನಿಕನೂ ಇರಲಿಲ್ಲ. ಹಾಗಾದರೆ ಹತ್ತೇ ವರ್ಷದಲ್ಲಿ ಏನು ಬದಲಾಯಿತು? ಅದನ್ನು ವಿವರಿಸೋಣ ಅಂತ ಈ ಟಿಪ್ಪಣಿ.

ಮೊದಲು ಯಂತ್ರ ಹೇಗೆ ಕೆಲಸ ಮಾಡಬೇಕಿತ್ತು ಎಂಬುದನ್ನು ನೋಡಿ. ಲೀಗ್‌ನ ಒಡಂಬಡಿಕೆಯ 10ನೇ ವಿಧಿಯ ಪ್ರಕಾರ ಸದಸ್ಯ ದೇಶಗಳು ಒಬ್ಬರ ಗಡಿಯನ್ನು ಇನ್ನೊಬ್ಬರು ಕಾಪಾಡಬೇಕು. 16ನೇ ವಿಧಿಯ ಪ್ರಕಾರ, ಒಡಂಬಡಿಕೆ ಮುರಿದು ಯುದ್ಧಕ್ಕೆ ಹೋದ ದೇಶ ಎಲ್ಲ ಸದಸ್ಯರ ಮೇಲೂ ಯುದ್ಧ ಮಾಡಿದಂತೆ. ಅದರ ಜೊತೆ ವ್ಯಾಪಾರ, ಹಣಕಾಸು ಎಲ್ಲ ನಿಲ್ಲಿಸಬೇಕು. ಸೈನ್ಯದ ವಿಚಾರದಲ್ಲಿ ಮಾತ್ರ ಕೆಲವೇ ದೇಶಗಳ ಮಂಡಳಿಯಾದ ಕೌನ್ಸಿಲ್ ಶಿಫಾರಸು ಮಾಡಬಹುದು ಅಷ್ಟೇ. ಅಂದರೆ ಆಯುಧಗಳು ಇದ್ದವು, ಆದರೆ ಅವು ಜಿನೀವಾದ ಕಚೇರಿಯಲ್ಲಿ ಇರಲಿಲ್ಲ. ಲಂಡನ್ನಿನಲ್ಲಿ, ಪ್ಯಾರಿಸ್ಸಿನಲ್ಲಿ ಇದ್ದವು. ಬ್ರಿಟನ್ನಿನ ನೌಕಾಪಡೆ, ಫ್ರಾನ್ಸಿನ ಭೂಸೇನೆ, ಎರಡೂ ದೇಶಗಳ ವ್ಯಾಪಾರ, ಇವೇ ಲೀಗ್‌ನ ಶಕ್ತಿ. ಅವರಿಬ್ಬರೂ ಮನಸ್ಸು ಮಾಡಿದರೆ ಲೀಗ್ ನಡೆಯುತ್ತಿತ್ತು, ಇಲ್ಲದಿದ್ದರೆ ಇಲ್ಲ. ಗ್ರೀಸ್‌ನಂಥ ಸಣ್ಣ ದೇಶವನ್ನು ತಡೆಯಲು ಅವರಿಗೆ ಏನೂ ಖರ್ಚಾಗಲಿಲ್ಲ. 1930ರ ದಶಕದಲ್ಲಿ ಎದುರಿಗೆ ಬಂದದ್ದು ಜಪಾನ್ ಮತ್ತು ಇಟಲಿ. ಇಬ್ಬರೂ ಲೀಗ್ ಕೌನ್ಸಿಲ್ಲಿನ ಶಾಶ್ವತ ಸದಸ್ಯರು! ಕಾವಲಿಗೆ ಕೂತವರೇ ಕನ್ನ ಹಾಕಲು ಹೊರಟಿದ್ದರು.

ಮಂಚೂರಿಯಾದಿಂದ ಶುರು ಮಾಡೋಣ. 1931ರ ಸೆಪ್ಟೆಂಬರ್ 18ರ ರಾತ್ರಿ ಮುಕ್ಡೆನ್ ಬಳಿ ಜಪಾನಿನ ರೈಲು ಹಳಿಯ ಮೇಲೆ ಸ್ಫೋಟ ಆಯಿತು. ಅದನ್ನು ಮಾಡಿದ್ದು ಜಪಾನಿನ ಕ್ವಾಂಟುಂಗ್ ಸೇನೆಯ ಅಧಿಕಾರಿಗಳೇ. ಆದರೆ ತಪ್ಪನ್ನು ಚೀನೀಯರ ತಲೆಗೆ ಕಟ್ಟಿ, ಅದೇ ನೆಪದಲ್ಲಿ ಮಂಚೂರಿಯಾವನ್ನು ಆಕ್ರಮಿಸಿಕೊಂಡರು. ಚೀನಾ ತಕ್ಷಣ ಲೀಗ್‌ಗೆ ದೂರು ಕೊಟ್ಟಿತು. ಆ ತಾರೀಖನ್ನು ಗಮನಿಸಿ. ಸ್ಫೋಟವಾದ ಮೂರೇ ದಿನಕ್ಕೆ, ಸೆಪ್ಟೆಂಬರ್ 21ಕ್ಕೆ, ಬ್ರಿಟನ್ ಚಿನ್ನದ ಮಾನದಂಡವನ್ನೇ ಕೈಬಿಟ್ಟಿತು. ಮಹಾ ಆರ್ಥಿಕ ಕುಸಿತದ ನಡುವೆ ಪೌಂಡ್ ಬೀಳುತ್ತಿತ್ತು, ಸಂಬಳ ಕಡಿತಕ್ಕೆ ನೌಕಾಪಡೆಯ ನಾವಿಕರೇ ಪ್ರತಿಭಟಿಸಿದ್ದರು. ಅಂಥ ಹೊತ್ತಲ್ಲಿ ಮಂಚೂರಿಯಾಕ್ಕೋಸ್ಕರ ಪೂರ್ವಕ್ಕೆ ಯುದ್ಧನೌಕೆ ಕಳಿಸಲು ಲಂಡನ್ನಿನಲ್ಲಿ ಯಾರೂ ತಯಾರಿರಲಿಲ್ಲ.

ಅಕ್ಟೋಬರ್ 24ರಂದು ಕೌನ್ಸಿಲ್ಲಿನಲ್ಲಿ ನಿರ್ಣಯ ಬಂತು: ನವೆಂಬರ್ 16ರೊಳಗೆ ಜಪಾನ್ ತನ್ನ ಸೈನ್ಯವನ್ನು ಹಿಂದಕ್ಕೆ ಕರೆಸಿಕೊಳ್ಳಬೇಕು. ಪರವಾಗಿ 13 ಮತ, ವಿರುದ್ಧ ಒಂದೇ ಒಂದು. ಆ ಒಂದು ಮತ ಜಪಾನಿನದ್ದು. ಸರ್ವಾನುಮತದ ನಿಯಮದಿಂದಾಗಿ ನಿರ್ಣಯಕ್ಕೆ ಬೆಲೆಯೇ ಇಲ್ಲದಂತಾಯಿತು. ಆಮೇಲೆ ಒಂದು ಆಯೋಗ ನೇಮಿಸಿದರು. ಅದರ ಅಧ್ಯಕ್ಷ ಲಾರ್ಡ್ ಲಿಟ್ಟನ್, ನಮ್ಮ ಬಂಗಾಳ ಪ್ರಾಂತ್ಯದ ಗವರ್ನರ್ ಆಗಿದ್ದವರು. ಆಯೋಗ ಮಂಚೂರಿಯಾ ತಲುಪಿದ್ದು 1932ರ ಏಪ್ರಿಲ್‌ನಲ್ಲಿ. ಅಷ್ಟು ಹೊತ್ತಿಗೆ ಜಪಾನ್ ಅಲ್ಲಿ ಮಂಚುಕುವೊ ಎಂಬ ಕೈಗೊಂಬೆ ರಾಜ್ಯವನ್ನೇ ಕಟ್ಟಿಬಿಟ್ಟಿತ್ತು. ವರದಿ ಬಂದದ್ದು ಅಕ್ಟೋಬರ್‌ನಲ್ಲಿ. ಸ್ಫೋಟ ಆಗಿ ಒಂದು ವರ್ಷದ ಮೇಲೆ!

ವರದಿ ಚೆನ್ನಾಗಿಯೇ ಇತ್ತು. ಜಪಾನ್ ಮಾಡಿದ್ದು ಆತ್ಮರಕ್ಷಣೆ ಅಲ್ಲ, ಮಂಚುಕುವೊ ಅಲ್ಲಿನ ಜನ ತಾವಾಗಿ ಕಟ್ಟಿಕೊಂಡ ರಾಜ್ಯ ಅಲ್ಲ ಎಂದು ಅದು ಹೇಳಿತು. 1933ರ ಫೆಬ್ರವರಿ 24ರಂದು ಎಲ್ಲ ಸದಸ್ಯರ ಸಭೆಯಾದ ಅಸೆಂಬ್ಲಿ 42 ಮತಗಳಿಂದ ಅದನ್ನು ಒಪ್ಪಿಕೊಂಡಿತು, ವಿರುದ್ಧ ಜಪಾನಿನ ಒಂದೇ ಮತ. ಜಪಾನಿನ ಪ್ರತಿನಿಧಿ ಮಾತ್ಸುಒಕ ಎದ್ದು ಹೊರನಡೆದರು, ಮುಂದಿನ ತಿಂಗಳು ಜಪಾನ್ ಲೀಗನ್ನೇ ಬಿಟ್ಟಿತು. ಅಷ್ಟು ದೊಡ್ಡ ಬಹುಮತ ಸಿಕ್ಕಿದ ಮೇಲೂ ಆರ್ಥಿಕ ನಿರ್ಬಂಧ ಹಾಕುವ ಪ್ರಯತ್ನವೇ ನಡೆಯಲಿಲ್ಲ. ಅಲ್ಲಿ ನಿಯಮ ಅಡ್ಡ ಬರಲಿಲ್ಲ, ಇಚ್ಛೆಯೇ ಇರಲಿಲ್ಲ. ಇಲ್ಲಿ ಅಮೆರಿಕದ ಮಾತು ನಿಜವಾಗಿಯೂ ಮುಖ್ಯ. ಜಪಾನಿನ ರೇಷ್ಮೆಯ ದೊಡ್ಡ ಗಿರಾಕಿ ಅಮೆರಿಕ. ಅದು ಹೊರಗೆ ನಿಂತು ವ್ಯಾಪಾರ ಮುಂದುವರಿಸಿದರೆ ಬೇರೆಯವರ ನಿರ್ಬಂಧದಿಂದ ಏನು ಆಗುತ್ತಿತ್ತು? ಮಂಚೂರಿಯಾದ ಹೊಸ ಸ್ಥಿತಿಗೆ ಮಾನ್ಯತೆ ಕೊಡುವುದಿಲ್ಲ ಎಂದು ಅಮೆರಿಕ ಘೋಷಿಸಿತು, ಅಲ್ಲಿಗೆ ಮುಗಿಸಿತು.

ಮಂಚೂರಿಯಾವನ್ನು "ತುಂಬಾ ದೂರ" ಎಂದು ಬೇಕಾದರೆ ಸಮರ್ಥಿಸಬಹುದು. ಅಬಿಸೀನಿಯಾಕ್ಕೆ ಆ ನೆಪವೂ ಇಲ್ಲ. ಇಂದಿನ ಇಥಿಯೋಪಿಯಾ ಅದು. ಅದಕ್ಕೇ ಉತ್ತರದಲ್ಲಿ ಅಬಿಸೀನಿಯಾಕ್ಕೆ ಜಾಸ್ತಿ ಜಾಗ ಕೊಡಿ ಎನ್ನುತ್ತೇನೆ.

ಇಥಿಯೋಪಿಯಾ 1923ರಿಂದ ಲೀಗ್ ಸದಸ್ಯ. ಯುದ್ಧ ಏಕಾಏಕಿ ಬಂದದ್ದೂ ಅಲ್ಲ. 1934ರ ಡಿಸೆಂಬರ್‌ನಲ್ಲಿ ವಾಲ್ವಾಲ್ ಬಾವಿಗಳ ಬಳಿ ಇಟಲಿ ಮತ್ತು ಇಥಿಯೋಪಿಯಾ ಸೈನಿಕರ ನಡುವೆ ಘರ್ಷಣೆ ಆಯಿತು. ಆಮೇಲೆ ಹತ್ತು ತಿಂಗಳು ಮುಸೊಲಿನಿ ಎಲ್ಲರ ಕಣ್ಣೆದುರೇ ಸೂಯೆಜ್ ಕಾಲುವೆಯ ಮೂಲಕ ಸೈನಿಕರನ್ನೂ ಸಾಮಾನನ್ನೂ ಸಾಗಿಸಿದ. 1935ರ ಅಕ್ಟೋಬರ್ 3ರಂದು ದಾಳಿ ಶುರುವಾಯಿತು. ಈ ಸಲ ಲೀಗ್ ಬೇಗ ಕೆಲಸ ಮಾಡಿತು. ಕೆಲವೇ ದಿನಗಳಲ್ಲಿ ಇಟಲಿಯೇ ಆಕ್ರಮಣಕಾರ ಎಂದು ಘೋಷಿಸಿತು. ನವೆಂಬರ್ 18ರಿಂದ ನಿರ್ಬಂಧಗಳು ಜಾರಿಗೆ ಬಂದವು. ಇಟಲಿಗೆ ಆಯುಧ ಇಲ್ಲ, ಸಾಲ ಇಲ್ಲ, ಇಟಲಿಯ ಸರಕನ್ನು ಕೊಳ್ಳುವುದೂ ಇಲ್ಲ. ಸರ್ವಾನುಮತದ ನಿಯಮ ಇಲ್ಲಿ ಅಡ್ಡಿಯಾಗಲಿಲ್ಲ ಎಂಬುದನ್ನು ನೆನಪಿಡಿ.

ಆದರೆ ಪಟ್ಟಿಯಲ್ಲಿ ಪೆಟ್ರೋಲಿಯಂ ಇರಲಿಲ್ಲ. ಕಲ್ಲಿದ್ದಲೂ ಇರಲಿಲ್ಲ. ಟ್ರಕ್ಕು, ಟ್ಯಾಂಕು, ವಿಮಾನ ಇಟ್ಟುಕೊಂಡು ಯುದ್ಧ ಮಾಡುವ ದೇಶಕ್ಕೆ ಬೇಕಾಗಿದ್ದದ್ದೇ ಅದು. ತೈಲ ನಿಲ್ಲಿಸಿದರೆ ಅಮೆರಿಕದ ಕಂಪನಿಗಳು ಮಾರುತ್ತವೆ, ಸುಮ್ನೆ ನಮಗೆ ನಷ್ಟ ಎಂಬ ವಾದ ಒಂದು. ತೈಲ ನಿಲ್ಲಿಸಿದರೆ ಅದನ್ನೇ ಯುದ್ಧ ಎಂದುಕೊಳ್ಳುತ್ತೇನೆ ಎಂಬ ಮುಸೊಲಿನಿಯ ಬೆದರಿಕೆ ಇನ್ನೊಂದು. ತೀರ್ಮಾನವನ್ನು ಮುಂದೂಡುತ್ತಾ ಹೋದರು. ಸೂಯೆಜ್ ಕಾಲುವೆಯನ್ನೂ ಮುಚ್ಚಲಿಲ್ಲ. ಅದು ಬ್ರಿಟನ್ನಿನ ಸೈನ್ಯದ ಕಾವಲಿನಲ್ಲಿತ್ತು. 1888ರ ಒಪ್ಪಂದದ ಪ್ರಕಾರ ಎಲ್ಲ ದೇಶದ ಹಡಗಿಗೂ ತೆರೆದಿರಬೇಕು ಎಂದರು. ಇಟಲಿಯ ಸೇನಾ ಹಡಗುಗಳು ಸುಂಕ ಕಟ್ಟಿ ಹಾದುಹೋದವು.

ಹೀಗೇಕೆ ಮಾಡಿದರು? ಉತ್ತರ ಬರ್ಲಿನ್ನಿನಲ್ಲಿದೆ. 1935ರ ಮಾರ್ಚ್‌ನಲ್ಲಿ ಹಿಟ್ಲರ್ ಕಡ್ಡಾಯ ಸೇನಾ ಸೇವೆ ಘೋಷಿಸಿದ್ದ. ಏಪ್ರಿಲ್‌ನಲ್ಲಿ ಬ್ರಿಟನ್, ಫ್ರಾನ್ಸ್, ಇಟಲಿ ಸ್ಟ್ರೇಸಾದಲ್ಲಿ ಸೇರಿ ಜರ್ಮನಿಯ ವಿರುದ್ಧ ಒಟ್ಟಾಗಿ ನಿಲ್ಲುವ ಮಾತಾಡಿದ್ದವು. ಫ್ರಾನ್ಸಿಗೆ ಜರ್ಮನಿಯ ಭಯ ಎಲ್ಲಕ್ಕಿಂತ ದೊಡ್ಡದು. ಇಟಲಿಯನ್ನು ದೂರ ಮಾಡಿಕೊಂಡರೆ ಆಲ್ಪ್ಸ್ ಗಡಿಗೂ ಸೈನ್ಯ ಇಡಬೇಕಾಗುತ್ತದೆ ಎಂಬ ಲೆಕ್ಕ ಫ್ರಾನ್ಸಿನ ಪ್ರಧಾನಿ ಲವಾಲ್‌ನದ್ದು. ಬ್ರಿಟನ್ನಿನ ನೌಕಾಪಡೆ ಇಟಲಿಯನ್ನು ಸೋಲಿಸಬಲ್ಲದಾಗಿತ್ತು. ಆದರೆ ಮೆಡಿಟರೇನಿಯನ್‌ನಲ್ಲಿ ನಾಲ್ಕಾರು ಹಡಗು ಕಳೆದುಕೊಂಡರೆ ಪೂರ್ವದಲ್ಲಿ ಜಪಾನನ್ನು ಎದುರಿಸುವವರು ಯಾರು? ಈ ಭಯಗಳು ಸುಳ್ಳಲ್ಲ. ಆದರೆ ಲೀಗ್ ನಿಂತದ್ದೇ ಒಂದು ನಂಬಿಕೆಯ ಮೇಲೆ: ಯಾವ ದೇಶದ ಮೇಲೆ ದಾಳಿ ನಡೆದರೂ ಅದು ಎಲ್ಲರ ಪ್ರಶ್ನೆ. ಇಥಿಯೋಪಿಯಾವನ್ನು ಬಿಟ್ಟುಕೊಟ್ಟು ಇಟಲಿಯ ಸ್ನೇಹ ಉಳಿಸಿಕೊಳ್ಳೋಣ ಎಂದ ಕ್ಷಣಕ್ಕೆ ಆ ನಂಬಿಕೆ ಸತ್ತಿತು.

ಇದಕ್ಕೆ ಪುರಾವೆ ಹೋರ್–ಲವಾಲ್ ಒಪ್ಪಂದ. ಬ್ರಿಟನ್ನಿನ ವಿದೇಶಾಂಗ ಸಚಿವ ಸ್ಯಾಮ್ಯುಯೆಲ್ ಹೋರ್ ಸೆಪ್ಟೆಂಬರ್‌ನಲ್ಲಿ ಜಿನೀವಾದಲ್ಲಿ ನಿಂತು ಲೀಗ್ ಪರವಾಗಿ ಗಟ್ಟಿ ಭಾಷಣ ಮಾಡಿದ್ದರು. ನವೆಂಬರ್ ಚುನಾವಣೆಯನ್ನು ಅವರ ಸರ್ಕಾರ ಗೆದ್ದದ್ದೂ ಲೀಗ್‌ಗೆ ಬೆಂಬಲ ಎಂದು ಹೇಳಿಯೇ. ಡಿಸೆಂಬರ್‌ನಲ್ಲಿ ಅದೇ ಹೋರ್ ಪ್ಯಾರಿಸ್ಸಿಗೆ ಹೋಗಿ, ಇಥಿಯೋಪಿಯಾದ ದೊಡ್ಡ ಭಾಗವನ್ನು ಇಟಲಿಗೆ ಕೊಡುವ ಯೋಜನೆಗೆ ಒಪ್ಪಿದರು. ಅದು ಫ್ರೆಂಚ್ ಪತ್ರಿಕೆಗಳಿಗೆ ಸೋರಿತು. ಬ್ರಿಟನ್ನಿನ ಜನ ಎಷ್ಟು ಸಿಟ್ಟಾದರೆಂದರೆ ಹೋರ್ ರಾಜೀನಾಮೆ ಕೊಡಬೇಕಾಯಿತು. ಜನರಿಗೆ ಲೀಗ್ ಬೇಡವಾಗಿತ್ತು ಎಂದು ಬರೆದವರು ಇದನ್ನು ಯೋಚಿಸಿ.

ಇಟಲಿ ವಿಷಾನಿಲವನ್ನೂ ಬಳಸಿತು. ಅದನ್ನು ನಿಷೇಧಿಸುವ 1925ರ ಜಿನೀವಾ ಒಪ್ಪಂದಕ್ಕೆ ಇಟಲಿ ತಾನೇ ಸಹಿ ಹಾಕಿತ್ತು. 1936ರ ಮಾರ್ಚ್ 7ರಂದು ಹಿಟ್ಲರ್, ಸೈನ್ಯ ಇಡಬಾರದೆಂದಿದ್ದ ರೈನ್‌ಲ್ಯಾಂಡ್‌ಗೆ ಸೈನ್ಯ ನುಗ್ಗಿಸಿದ ಮೇಲಂತೂ ಅಬಿಸೀನಿಯಾದ ಕಡೆ ನೋಡುವವರೇ ಇರಲಿಲ್ಲ. ಮೇ 5ರಂದು ಆಡಿಸ್ ಅಬಾಬಾ ಇಟಲಿಯ ಕೈಸೇರಿತು. ಜೂನ್ 30ರಂದು ದೇಶ ಕಳೆದುಕೊಂಡ ಚಕ್ರವರ್ತಿ ಹೇಲಿ ಸೆಲಾಸಿ ತಾನೇ ಅಸೆಂಬ್ಲಿಯ ಮುಂದೆ ಬಂದು ನಿಂತ. ಇಟಲಿಯ ಪತ್ರಕರ್ತರು ಶಿಳ್ಳೆ ಹೊಡೆದು ಗಲಾಟೆ ಮಾಡಿದರು, ಅವರನ್ನು ಹೊರಹಾಕಿದ ಮೇಲೆ ಅವನು ಮಾತಾಡಿದ. ಜುಲೈನಲ್ಲಿ ಲೀಗ್ ನಿರ್ಬಂಧಗಳನ್ನು ತೆಗೆದುಹಾಕಿತು. ಇಷ್ಟೆಲ್ಲ ಬಿಟ್ಟುಕೊಟ್ಟು ಇಟಲಿಯ ಸ್ನೇಹವಾದರೂ ಉಳಿಯಿತಾ? ಅದೂ ಇಲ್ಲ. ಅದೇ ವರ್ಷ ಮುಸೊಲಿನಿ ಹಿಟ್ಲರ್‌ನ ಕಡೆ ವಾಲಿದ, 1937ರ ಡಿಸೆಂಬರ್‌ನಲ್ಲಿ ಇಟಲಿ ಲೀಗ್ ಬಿಟ್ಟಿತು.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ಇಟಲಿಯನ್ನು ತಡೆಯಬೇಕಾದ ಬ್ರಿಟನ್ ಮತ್ತು ಫ್ರಾನ್ಸ್ ತಾವೇ ಆಫ್ರಿಕಾ, ಏಷ್ಯಾಗಳಲ್ಲಿ ವಸಾಹತು ಇಟ್ಟುಕೊಂಡವರು. ಭಾರತ ಕೂಡ ಲೀಗ್‌ನ ಮೂಲ ಸದಸ್ಯ, ಗೊತ್ತಲ್ವಾ? ಆದರೆ ನಮ್ಮ ಪ್ರತಿನಿಧಿಗಳನ್ನು ಆರಿಸುತ್ತಿದ್ದದ್ದು ಬ್ರಿಟಿಷ್ ಸರ್ಕಾರ. 1919ರಲ್ಲಿ ಒಡಂಬಡಿಕೆಗೆ ಜನಾಂಗಗಳ ಸಮಾನತೆಯ ಮಾತು ಸೇರಿಸೋಣ ಎಂದು ಜಪಾನ್ ಕೇಳಿದಾಗ ಬಹುಮತ ಸಿಕ್ಕಿತ್ತು. ಸರ್ವಾನುಮತ ಇಲ್ಲ ಎಂದು ಅಧ್ಯಕ್ಷ ವಿಲ್ಸನ್ ಅದನ್ನು ತಳ್ಳಿಹಾಕಿದರು. ಇಂಥವರು ಮುಂದೆ ನ್ಯಾಯ ಹೇಳಲು ಬಂದಾಗ ಜಪಾನ್, ಇಟಲಿಗಳಿಗೆ ತಿರುಗಿ ಮಾತಾಡುವುದು ಸುಲಭವಾಯಿತು. ಅದು ಅವರ ಆಕ್ರಮಣಕ್ಕೆ ಸಮರ್ಥನೆ ಅಲ್ಲ, ಆದರೆ ಲೀಗ್‌ನ ಮಾತಿಗೆ ತೂಕ ಕಡಿಮೆಯಾದದ್ದಕ್ಕೆ ಒಂದು ಕಾರಣ ಖಂಡಿತ.

1936ರ ನಂತರದ ಕಥೆಯನ್ನು ನಾಲ್ಕು ಸಾಲಿನಲ್ಲಿ ಬರೆದರೆ ಸಾಕು. 1937ರಲ್ಲಿ ಜಪಾನ್ ಚೀನಾದ ಮೇಲೆ ಪೂರ್ಣ ಯುದ್ಧಕ್ಕೆ ಇಳಿಯಿತು, ಲೀಗ್ ಖಂಡಿಸಿತು ಅಷ್ಟೇ. 1938ರ ಮಾರ್ಚ್‌ನಲ್ಲಿ ಆಸ್ಟ್ರಿಯಾವನ್ನು ಹಿಟ್ಲರ್ ನುಂಗಿದಾಗ ಲೀಗ್‌ನಲ್ಲಿ ಪ್ರತಿಭಟಿಸಿದ್ದು ಮೆಕ್ಸಿಕೊ ಒಂದೇ. ಆ ಸೆಪ್ಟೆಂಬರ್‌ನಲ್ಲಿ ಜಿನೀವಾದಲ್ಲಿ ಅಸೆಂಬ್ಲಿ ನಡೆಯುತ್ತಿದ್ದಾಗಲೇ ಚೆಕೊಸ್ಲೊವಾಕಿಯಾದ ಭವಿಷ್ಯವನ್ನು ಮ್ಯೂನಿಕ್‌ನಲ್ಲಿ ನಾಲ್ಕು ಜನ ತೀರ್ಮಾನಿಸಿದರು, ಲೀಗನ್ನು ಕೇಳಲೇ ಇಲ್ಲ. 1939ರ ಡಿಸೆಂಬರ್‌ನಲ್ಲಿ ಫಿನ್ಲೆಂಡ್ ಮೇಲೆ ದಾಳಿ ಮಾಡಿದ್ದಕ್ಕೆ ಸೋವಿಯತ್ ಒಕ್ಕೂಟವನ್ನು ಲೀಗ್ ಹೊರಹಾಕಿತು. ಅಷ್ಟರಲ್ಲಿ ಎರಡನೇ ಮಹಾಯುದ್ಧ ಶುರುವಾಗಿ ಮೂರು ತಿಂಗಳಾಗಿತ್ತು.

ಮರುಪರೀಕ್ಷೆಯಲ್ಲಿ ಸೈನ್ಯ, ಅಮೆರಿಕ, ಸರ್ವಾನುಮತ ಮೂರನ್ನೂ ಬರೆಯಿರಿ, ಅಂಕ ಕೊಡುತ್ತೇನೆ. ಆದರೆ ಪ್ರತಿಯೊಂದನ್ನೂ ಒಂದು ಘಟನೆಗೆ ಕಟ್ಟಿ ಬರೆಯಿರಿ. ಸರ್ವಾನುಮತ ಎಂದರೆ 1931ರ ಅಕ್ಟೋಬರ್. ಅಮೆರಿಕ ಎಂದರೆ ಜಪಾನಿನ ರೇಷ್ಮೆ, ಇಟಲಿಯ ತೈಲ. ಸೈನ್ಯ ಎಂದಾಗ ಮಾತ್ರ ಜೊತೆಗೆ ಸೂಯೆಜ್ ಕಾಲುವೆಯನ್ನೂ ಬರೆಯಿರಿ. ಯಾಕೆಂದರೆ ಸೈನ್ಯ ಅಲ್ಲೇ ನಿಂತಿತ್ತು, ಅದಕ್ಕೆ ಕಾಲುವೆ ಮುಚ್ಚುವ ಆದೇಶ ಬರಲಿಲ್ಲ. ಸೋಮವಾರದ ತರಗತಿಗೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ನಿಯಮಗಳನ್ನು ಓದಿಕೊಂಡು ಬನ್ನಿ. ವೀಟೋ ಅಧಿಕಾರ ಯಾರಿಗೆ, ಏಕೆ ಕೊಟ್ಟರು ಎಂಬಲ್ಲಿಂದ ಚರ್ಚೆ ಮುಂದುವರಿಸೋಣ.