ಕಲನಶಾಸ್ತ್ರದ ಅಂತಿಮ ಪರೀಕ್ಷೆ: ಹದಿನಾಲ್ಕು ದಿನಗಳ ಪುನರಾವರ್ತನೆ

ಪರೀಕ್ಷೆ ಸೋಮವಾರ ಬೆಳಿಗ್ಗೆ 10ಕ್ಕೆ. 3 ಗಂಟೆ, 100 ಅಂಕ. ಈ ಯೋಜನೆ ಅದಕ್ಕಿಂತ ಎರಡು ವಾರ ಮೊದಲಿನ ಸೋಮವಾರ ಶುರುವಾಗುತ್ತದೆ. ದಿನಕ್ಕೆ ಎರಡೂವರೆ ಗಂಟೆ ಎಂದು ಲೆಕ್ಕ ಹಾಕಿದ್ದೇನೆ. ಬೇರೆ ವಿಷಯಗಳನ್ನೂ ಓದಬೇಕಾದವರಿಗೆ ಅದಕ್ಕಿಂತ ಹೆಚ್ಚು ಹೇಳಿದರೆ ಅದು ಕಾಗದದ ಮೇಲೆಯೇ ಉಳಿಯುತ್ತದೆ.

ಅಂಕಗಳ ಹಂಚಿಕೆ ಹೀಗಿದೆ:

- ಅನುಕಲನದ ವಿಧಾನಗಳು: 25
- ಅವಕಲನದ ಅನ್ವಯಗಳು (ಗರಿಷ್ಠ-ಕನಿಷ್ಠ, ಬದಲಾವಣೆಯ ದರ, ವಕ್ರರೇಖೆ ಬಿಡಿಸುವುದು): 25
- ಅವಕಲನದ ನಿಯಮಗಳು: 20
- ಅನುಕಲನದ ಅನ್ವಯಗಳು (ವಿಸ್ತೀರ್ಣ, ಘನಫಲ): 15
- ಲಿಮಿಟ್ ಮತ್ತು ನಿರಂತರತೆ: 15

ಅಂಕವೊಂದನ್ನೇ ನೋಡಿದರೆ ಅನುಕಲನದಿಂದ ಆರಂಭಿಸಬೇಕು. ನಾನು ಹಾಗೆ ಮಾಡಿಲ್ಲ. ಮಧ್ಯಾವಧಿ ಪರೀಕ್ಷೆಯ ಉತ್ತರ ಪತ್ರಿಕೆಗಳಲ್ಲಿ ಅನುಕಲನದ ಲೆಕ್ಕಗಳು ಎಡವಿದ ಕಡೆಯೆಲ್ಲ ಒಳಗೆ ಕುಳಿತಿದ್ದದ್ದು ಚೈನ್ ರೂಲ್‌ನ ತಪ್ಪು ಅಥವಾ ಚಿಹ್ನೆಯ ತಪ್ಪು. ಆದ್ದರಿಂದ 20 ಅಂಕದ ನಿಯಮಗಳು ಮೊದಲು ಬರುತ್ತವೆ, ಆದರೆ ಎರಡೇ ದಿನ. ಆಮೇಲಿನ ಕ್ರಮ ಅಂಕದ ತೂಕಕ್ಕೆ ತಕ್ಕಂತೆ ಇದೆ.

ತಪ್ಪಿಗೆ ನಾಲ್ಕು ಗುರುತುಗಳು

ಪ್ರತಿ ತಪ್ಪಿನ ಪಕ್ಕದಲ್ಲಿ ಒಂದು ಅಕ್ಷರ ಬರೆಯಿರಿ. ಅ: ವಿಷಯವೇ ಅರ್ಥವಾಗಿಲ್ಲ. ವಿ: ವಿಧಾನದ ಆಯ್ಕೆ ತಪ್ಪು. ಬೀ: ಬೀಜಗಣಿತ ಅಥವಾ ಚಿಹ್ನೆ ತಪ್ಪಿದೆ. ಬ: ಬರವಣಿಗೆಯ ತಪ್ಪು (`+C` ಬಿಟ್ಟದ್ದು, ಏಕಮಾನ ಬಿಟ್ಟದ್ದು, ಪ್ರಶ್ನೆ ಕೇಳಿದ್ದಕ್ಕೆ ಉತ್ತರಿಸದೆ ನಿಲ್ಲಿಸಿದ್ದು). "ಅಜಾಗರೂಕತೆ" ಎಂಬ ಐದನೆಯ ಗುರುತು ಇಲ್ಲ. ಆ ಪದ ಬರೆದರೆ ತಪ್ಪಿನ ಕಾರಣ ಹುಡುಕುವ ಕೆಲಸ ಅಲ್ಲಿಗೇ ನಿಂತುಹೋಗುತ್ತದೆ.

ದಿನ 1 (ಸೋಮವಾರ): ಅಳತೆ

ಹಿಂದಿನ ವರ್ಷದ ಒಂದು ಪ್ರಶ್ನೆಪತ್ರಿಕೆಯನ್ನು ಪುಸ್ತಕ ಮುಚ್ಚಿಟ್ಟು ಎರಡು ಗಂಟೆ ಬರೆಯಿರಿ. ಮುಗಿಯದಿದ್ದರೆ ಚಿಂತೆಯಿಲ್ಲ. ಉಳಿದ ಅರ್ಧ ಗಂಟೆ ತಿದ್ದಿ, ಗುರುತು ಹಾಕಿ, ವಿಷಯವಾರು ಕಳೆದುಕೊಂಡ ಅಂಕಗಳನ್ನು ಕೂಡಿ. ಈ ಹಾಳೆಯನ್ನು ಜೋಪಾನವಾಗಿಡಿ, ದಿನ 8ರಂದು ಮತ್ತೆ ಬೇಕಾಗುತ್ತದೆ.

ದಿನ 2–3: ಅವಕಲನದ ನಿಯಮಗಳು

ಚೈನ್ ರೂಲ್‌ಗೆ ಒಂದು ಪೂರ್ಣ ದಿನ. `sin²(3x)`ದ ಅವಕಲನ `6 sin(3x) cos(3x)`. ಹೆಚ್ಚಿನವರು `2 sin(3x) cos(3x)` ಬರೆದು ಮುಂದೆ ಹೋಗುತ್ತಾರೆ, ಒಳಗಿನ 3 ಕಾಣೆಯಾಗಿರುತ್ತದೆ. ಹೊರಗಿನ ಪದರ, ನಡುವಿನ ಪದರ, ಒಳಗಿನ ಪದರ ಎಂದು ಮೂರು ಸಾಲು ಬರೆದು ಗುಣಿಸಿ. ವೇಗ ಆಮೇಲೆ ತಾನಾಗಿ ಬರುತ್ತದೆ.

ಎರಡನೆಯ ದಿನ ಭಾಗಲಬ್ಧ ನಿಯಮ ಮತ್ತು ಅವ್ಯಕ್ತ ಅವಕಲನ. ಭಾಗಲಬ್ಧದಲ್ಲಿ ಅಂಶದಲ್ಲಿನ ಕಳೆಯುವ ಕ್ರಮ ತಿರುಗುಮುರುಗಾದರೆ ಚಿಹ್ನೆ ಪೂರ್ತಿ ಬದಲಾಗುತ್ತದೆ. ಛೇದ ಬರೀ ಘಾತಪದವಾಗಿದ್ದರೆ ಅದನ್ನು ಋಣ ಘಾತವಾಗಿ ಬರೆದು ಗುಣಲಬ್ಧ ನಿಯಮ ಬಳಸುವುದು ಎಷ್ಟೋ ಸಲ ಸುರಕ್ಷಿತ.

ದಿನ 4–7: ಅನುಕಲನದ ವಿಧಾನಗಳು

ಇಲ್ಲಿ ಕಾಡುವುದು "ವಿ" ತಪ್ಪು. ಆದ್ದರಿಂದ ಗುರುವಾರ ಒಂದು ಲೆಕ್ಕವನ್ನೂ ಪೂರ್ತಿ ಮಾಡಬೇಡಿ. ಮೂವತ್ತು ಅನುಕಲನಗಳನ್ನು ತೆಗೆದುಕೊಂಡು ಪ್ರತಿಯೊಂದರ ಪಕ್ಕ ಯಾವ ವಿಧಾನ, ಏಕೆ ಎಂದು ಒಂದು ಸಾಲು ಬರೆಯಿರಿ, ಅಷ್ಟೇ. `1/(x²+1)` ಕಂಡ ಕೂಡಲೇ `ln(x²+1)` ಎಂದು ಬರೆಯುವ ಕೈಯನ್ನು ತಡೆಯುವುದಕ್ಕೆ ಇದೇ ಮದ್ದು. ಅಂಶದಲ್ಲಿ `2x` ಇದ್ದಿದ್ದರೆ ಲಾಗರಿದಂ ಸರಿ, ಇಲ್ಲಿ ಉತ್ತರ `arctan x + C`.

ಶುಕ್ರವಾರ ಆದೇಶ ವಿಧಾನ. ನಿಶ್ಚಿತ ಅನುಕಲನದಲ್ಲಿ ಚರಾಕ್ಷರ ಬದಲಾದರೆ ಮಿತಿಗಳೂ ಬದಲಾಗಬೇಕು:

```
∫₀² x·e^(x²) dx,  u = x²,  du = 2x dx
x = 0 → u = 0,   x = 2 → u = 4
= ½ ∫₀⁴ e^u du = ½(e⁴ − 1)
```

ಎರಡನೆಯ ಸಾಲನ್ನು ಬರೆಯದವರು ಮಿತಿಯನ್ನು 2 ಎಂದೇ ಉಳಿಸಿ `½(e² − 1)` ಕೊಡುತ್ತಾರೆ. ಆ ಸಾಲು ಬರೆಯಲು ಹತ್ತು ಸೆಕೆಂಡು ಸಾಕು.

ಶನಿವಾರ ಭಾಗಶಃ ಅನುಕಲನ. `∫ x ln x dx`ನಲ್ಲಿ `u = ln x` ಎಂದು ಹಿಡಿದರೆ `(x²/2) ln x − x²/4 + C` ಬೇಗ ಸಿಗುತ್ತದೆ. `u = x` ಎಂದು ಹಿಡಿದವರು `ln x`ನ ಅನುಕಲನಕ್ಕೆ ಬೇರೆಯೇ ಶ್ರಮಪಡಬೇಕು. ಭಾನುವಾರ ಮಿಶ್ರ ಲೆಕ್ಕಗಳು. ಪ್ರತಿ ಉತ್ತರವನ್ನೂ ಅವಕಲನ ಮಾಡಿ ಮೂಲಕ್ಕೆ ಬರುತ್ತದೆಯೇ ನೋಡಿ. ದಿನ 2–3ನ್ನು ಮುಂದಕ್ಕೆ ತಂದದ್ದು ಇದಕ್ಕೇ. ಮೂಲಭೂತ ಪ್ರಮೇಯದ ಒಂದೆರಡು ಪ್ರಶ್ನೆಗಳನ್ನೂ ಸೇರಿಸಿಕೊಳ್ಳಿ: `∫₀^(x²) sin t dt`ಯ ಅವಕಲನ `2x sin(x²)`, ಬರೀ `sin(x²)` ಅಲ್ಲ.

ದಿನ 8–10: ಅವಕಲನದ ಅನ್ವಯಗಳು

ಮೊದಲು ದಿನ 1ರ ಹಾಳೆ ತೆಗೆಯಿರಿ. "ಅ" ಗುರುತುಗಳು ಎಲ್ಲಿ ಗುಂಪಾಗಿವೆಯೋ ಅಲ್ಲಿಗೆ ಈ ಮೂರು ದಿನಗಳಲ್ಲಿ ಅರ್ಧ ಗಂಟೆಯಂತೆ ಕೊಡಿ.

ಬದಲಾವಣೆಯ ದರದ ಲೆಕ್ಕಗಳಲ್ಲಿ ಎಲ್ಲರೂ ಬೀಳುವ ಹೊಂಡ ಒಂದೇ: ಅವಕಲನ ಮಾಡುವ ಮೊದಲೇ ಸಂಖ್ಯೆ ತುಂಬುವುದು. 5 ಮೀಟರ್ ಏಣಿ ಗೋಡೆಗೆ ಒರಗಿದೆ, ಬುಡ ಸೆಕೆಂಡಿಗೆ 1 ಮೀಟರ್ ಜಾರುತ್ತಿದೆ, ಬುಡ 3 ಮೀಟರ್ ದೂರವಿದ್ದಾಗ ತುದಿ ಎಷ್ಟು ವೇಗದಲ್ಲಿ ಇಳಿಯುತ್ತದೆ? `x² + y² = 25`ರಲ್ಲಿ ಮೊದಲೇ `x = 3` ಹಾಕಿದರೆ `y` ಸ್ಥಿರಾಂಕವಾಗಿ, ಏಣಿ ಅಲುಗಾಡುವುದೇ ಇಲ್ಲ. ಮೊದಲು ಅವಕಲನ, ಆಮೇಲೆ ಸಂಖ್ಯೆ. ಉತ್ತರ `dy/dt = −3/4`, ಅಂದರೆ ಸೆಕೆಂಡಿಗೆ 0.75 ಮೀಟರ್ ಕೆಳಕ್ಕೆ. "ಕೆಳಕ್ಕೆ" ಎಂಬುದನ್ನು ಬರೆಯದಿದ್ದರೆ "ಬ".

ಗರಿಷ್ಠ-ಕನಿಷ್ಠಕ್ಕೆ ಒಂದೇ ಎಚ್ಚರಿಕೆ: ಮುಚ್ಚಿದ ಅಂತರದಲ್ಲಿ ತುದಿಗಳನ್ನು ಮರೆಯಬೇಡಿ. `f(x) = x³ − 3x`, ಅಂತರ `[0, 3]`. ಅವಕಲನ ಸೊನ್ನೆಯಾಗುವ `x = 1`ರಲ್ಲಿ ಬೆಲೆ −2. ಗರಿಷ್ಠ ಬೆಲೆ 18 ಇರುವುದು `x = 3` ಎಂಬ ತುದಿಯಲ್ಲಿ.

ದಿನ 11: ವಿಸ್ತೀರ್ಣ, ಘನಫಲ

`y = x` ಮತ್ತು `y = x³`ಗಳ ನಡುವಿನ ವಿಸ್ತೀರ್ಣವನ್ನು −1ರಿಂದ 1ರವರೆಗೆ ಒಂದೇ ಉಸಿರಿಗೆ ಅನುಕಲನ ಮಾಡಿದರೆ ಸೊನ್ನೆ ಬರುತ್ತದೆ. 0ಯಲ್ಲಿ ಮೇಲಿನದು ಕೆಳಗಾಗುತ್ತದೆ, ಅಲ್ಲಿ ಒಡೆದು ಮಾಡಿದರೆ 1/2. ಚಿತ್ರ ಬಿಡಿಸದೆ ಲೆಕ್ಕಕ್ಕೆ ಕೈ ಹಾಕಬೇಡಿ. ಘನಫಲದಲ್ಲಿ `R² − r²`, ಎಂದಿಗೂ `(R − r)²` ಅಲ್ಲ.

ದಿನ 12: ಲಿಮಿಟ್

15 ಅಂಕಕ್ಕೆ ಒಂದು ದಿನ ಸಾಕು, ಏಕೆಂದರೆ ಪ್ರಶ್ನೆಗಳ ಮಾದರಿ ಕಡಿಮೆ. ಲಾಪಿಟಾಲ್ ನಿಯಮ ಬಳಸುವ ಮುನ್ನ `0/0` ಅಥವಾ `∞/∞` ಎಂದು ಬರೆದು ತೋರಿಸಿ. `x → 0` ಆದಾಗ `cos x/(x+1)`ನ ಬೆಲೆ 1. ಪರೀಕ್ಷಿಸದೆ ನಿಯಮ ಹಚ್ಚಿದವರಿಗೆ 0 ಸಿಗುತ್ತದೆ.

ದಿನ 13 (ಶನಿವಾರ): ಪೂರ್ಣ ಪತ್ರಿಕೆ

ಬೆಳಿಗ್ಗೆ 10ರಿಂದ 1ರವರೆಗೆ, ಪರೀಕ್ಷೆಯ ಹೊತ್ತಿನಲ್ಲೇ. ಈ ಒಂದು ದಿನ ಎರಡೂವರೆ ಗಂಟೆಯ ಲೆಕ್ಕಕ್ಕೆ ವಿನಾಯಿತಿ. ಮೊದಲ 5 ನಿಮಿಷ ಓದಿ, ಕೊನೆಯ 15 ನಿಮಿಷ "ಬೀ" ಮತ್ತು "ಬ" ತಪ್ಪು ಹುಡುಕಲು ಮೀಸಲಿಡಿ. ಅಷ್ಟು ಹೊತ್ತಿನಲ್ಲಿ ಹಿಡಿಯಬಹುದಾದದ್ದು ಆ ಎರಡೇ. ಸಂಜೆ ತಿದ್ದಿ.

ದಿನ 14 (ಭಾನುವಾರ)

ಹೊಸ ಲೆಕ್ಕ ಬೇಡ. ಗುರುತು ಹಾಕಿದ ತಪ್ಪುಗಳಲ್ಲಿ ಎರಡು ಸಲ ಮರುಕಳಿಸಿದವುಗಳನ್ನು ಮಾತ್ರ ಆಯ್ದು, ಸರಿಯಾದ ಸಾಲುಗಳನ್ನು ಒಂದು ಹಾಳೆಗೆ ಇಳಿಸಿ. ಹಾಳೆ ಒಂದು ಪುಟ ಮೀರಿದರೆ ಕಡಿಮೆ ಅಂಕದ ವಿಷಯದಿಂದ ಹೊಡೆದುಹಾಕುತ್ತಾ ಬನ್ನಿ. ಸೋಮವಾರ ಬೆಳಿಗ್ಗೆ ಓದಬೇಕಾದದ್ದು ಆ ಪುಟವೊಂದೇ.